ಒಂದೇ ಟಾರ್ಕ್, ನಾಲ್ಕು ಲೆಕ್ಕ: ಸಿಲಿಂಡರ್ ವಿಸ್ಕೋಮೀಟರ್‌ನಲ್ಲಿ ಹರಳೆಣ್ಣೆ

ಒಂದರೊಳಗೆ ಒಂದು ಇಟ್ಟ ಎರಡು ಸಿಲಿಂಡರ್, ನಡುವಿನ ಸಂದಿನಲ್ಲಿ ಹರಳೆಣ್ಣೆ. ಒಳಗಿನ ಸಿಲಿಂಡರ್ ತಿರುಗಿಸಲು ಎಷ್ಟು ಟಾರ್ಕ್ ಬೇಕು ಎಂದು ಅಳೆದರೆ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಗೊತ್ತಾಗುತ್ತದೆ. ಆದರೆ ಟಾರ್ಕ್‌ನಿಂದ ಸ್ನಿಗ್ಧತೆಗೆ ಹೋಗುವ ದಾರಿ ಒಂದೇ ಅಲ್ಲ. ನಾನು ನಾಲ್ಕು ದಾರಿ ಹಿಡಿದು ನೋಡಿದೆ. ಅದೇ ಎಣ್ಣೆ, ಅದೇ ಉಪಕರಣ. ಒಂದು ದಾರಿಯಲ್ಲಿ 0.80 ಪಾಸ್ಕಲ್-ಸೆಕೆಂಡ್ ಬಂತು, ಇನ್ನೊಂದರಲ್ಲಿ 0.65. ಇಷ್ಟೊಂದು ಅಂತರ ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿನ ವಿಷಯ.

ಮೊದಲು ಅಳತೆಗಳು. ಒಳಗಿನ ಸಿಲಿಂಡರ್‌ನ ತ್ರಿಜ್ಯ 20 ಮಿ.ಮೀ., ಹೊರಗಿನ ಪಾತ್ರೆಯ ಒಳ ತ್ರಿಜ್ಯ 22 ಮಿ.ಮೀ. ಎಣ್ಣೆಯಲ್ಲಿ ಮುಳುಗಿದ ಎತ್ತರ 60 ಮಿ.ಮೀ. ಒಳ ಸಿಲಿಂಡರ್‌ನ ತಳ ಚಪ್ಪಟೆ. ಪಾತ್ರೆಯ ತಳದಿಂದ ಅದಕ್ಕೆ 2 ಮಿ.ಮೀ. ಅಂತರ. ವೇಗ 60 ಆರ್‌ಪಿಎಂ, ಅಂದರೆ ಸೆಕೆಂಡಿಗೆ 6.28 ರೇಡಿಯನ್. ಹೊರಗಡೆ ನೀರಿನ ಜಾಕೆಟ್, 25 ಡಿಗ್ರಿಯಲ್ಲಿ. ಟಾರ್ಕ್ ನಿಂತದ್ದು 7.6 ಮಿಲಿನ್ಯೂಟನ್-ಮೀಟರ್‌ಗೆ.

ಮೊದಲನೆಯದು ಎಲ್ಲರೂ ಬಾಯಿಪಾಠ ಮಾಡುವ ತೆಳು ಸಂದಿನ ಸೂತ್ರ. ಸಂದು ಕಿರಿದಾಗಿದೆ, ಹಾಗಾಗಿ ಅದನ್ನು ಎರಡು ಸಮಾನಾಂತರ ಹಲಗೆಗಳ ನಡುವಿನ ಹರಿವು ಅಂತಲೇ ಅಂದುಕೊಳ್ಳಬಹುದು ಎನ್ನುತ್ತದೆ ಇದು. ಇಲ್ಲಿ `T` ಎಂದರೆ ಟಾರ್ಕ್, `μ` ಸ್ನಿಗ್ಧತೆ, `L` ಮುಳುಗಿದ ಎತ್ತರ, `ω` ತಿರುಗುವ ವೇಗ, `Ri` ಒಳ ತ್ರಿಜ್ಯ, `Ro` ಹೊರ ತ್ರಿಜ್ಯ:

```
T = 2π μ L ω Ri³ / (Ro − Ri)
```

7.6 ಹಾಕಿದರೆ ಸ್ನಿಗ್ಧತೆ 0.80. 25 ಡಿಗ್ರಿಯಲ್ಲಿ ಹರಳೆಣ್ಣೆ ಸುಮಾರು 0.65 ಇರಬೇಕು. ಇದು ತೀರಾ ಜಾಸ್ತಿ ಅಲ್ವಾ?

ಎಣ್ಣೆಯ ಯಾವ ಪದರ ತೆಗೆದುಕೊಂಡರೂ ಅದರ ಮೂಲಕ ದಾಟುವ ಟಾರ್ಕ್ ಒಂದೇ. ನಡುವೆ ಎಲ್ಲೂ ಅದು ಉಳಿಯುವುದಿಲ್ಲ, ಕಳೆಯುವುದೂ ಇಲ್ಲ. ಆದರೆ ಒಳಗಿನ ಪದರದ ತ್ರಿಜ್ಯವೂ ಕಡಿಮೆ, ಮೈ ವಿಸ್ತೀರ್ಣವೂ ಕಡಿಮೆ. ಹಾಗಾಗಿ ಅಷ್ಟೇ ಟಾರ್ಕ್ ದಾಟಿಸಲು ಅಲ್ಲಿ ಎಳೆತ, ಅಂದರೆ ಪ್ರತಿ ಚದರ ಅಳತೆಗೆ ಬೀಳುವ ಬಲ, ಹೆಚ್ಚಿರಬೇಕು. ಎಳೆತ ತ್ರಿಜ್ಯದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ನನ್ನ ಉಪಕರಣದಲ್ಲಿ ಒಳಗೋಡೆಯ ಎಳೆತ ಹೊರಗೋಡೆಯದಕ್ಕಿಂತ 21% ಜಾಸ್ತಿ. ತೆಳು ಸಂದಿನ ಸೂತ್ರ ಇದನ್ನು ಗಮನಿಸುವುದೇ ಇಲ್ಲ. ಒಳಗೋಡೆಯ ಹತ್ತಿರ ಶಿಯರ್ ದರ, ಅಂದರೆ ಪದರದಿಂದ ಪದರಕ್ಕೆ ವೇಗ ಬದಲಾಗುವ ದರ, ಸೆಕೆಂಡಿಗೆ 63 ಎಂದು ಅದು ಅಂದುಕೊಳ್ಳುತ್ತದೆ. ನಿಜವಾಗಿ ಇರುವುದು 72.

ಎರಡನೆಯದು ಅದೇ ಸೂತ್ರ, `Ri` ಬದಲು ಎರಡೂ ತ್ರಿಜ್ಯಗಳ ಸರಾಸರಿ 21 ಮಿ.ಮೀ. ಹಾಕಿದ್ದು. ಫಲ 0.69. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ಸುಧಾರಣೆ ಬರುತ್ತದೆ ಎಂದು ನಾನು ನಿರೀಕ್ಷಿಸಿರಲಿಲ್ಲ.

ಮೂರನೆಯದು ಪೂರ್ತಿ ಸೂತ್ರ:

```
T = 4π μ L ω Ri² Ro² / (Ro² − Ri²)
```

ಇದರಿಂದ 0.70. ಸರಾಸರಿ ತ್ರಿಜ್ಯದ ಲೆಕ್ಕಕ್ಕೂ ಇದಕ್ಕೂ ಅರ್ಧ ಶೇಕಡಾ ಮಾತ್ರ ವ್ಯತ್ಯಾಸ. ಹಾಗಂತ ಸರಾಸರಿ ತ್ರಿಜ್ಯವನ್ನು ಎಲ್ಲ ಕಡೆ ನಂಬಬೇಡಿ. ಇದೇ ಸಿಲಿಂಡರನ್ನು 40 ಮಿ.ಮೀ. ತ್ರಿಜ್ಯದ ಬೀಕರ್‌ನಲ್ಲಿ ಮುಳುಗಿಸಿದರೆ ಅದು ಟಾರ್ಕನ್ನು 27% ಹೆಚ್ಚಾಗಿ ತೋರಿಸುತ್ತದೆ. ಪೂರ್ತಿ ಸೂತ್ರಕ್ಕೆ ಕ್ಯಾಲ್ಕುಲೇಟರ್‌ನಲ್ಲಿ ಅರ್ಧ ನಿಮಿಷವೂ ಬೇಡ. ಅದನ್ನು ಬಿಟ್ಟು ಬೇರೆಯದು ಬಳಸಲು ನನಗೆ ಕಾರಣ ಕಾಣುವುದಿಲ್ಲ.

ಸೂತ್ರ ಸರಿಯಾದ ಮೇಲೂ 0.70 ಏಕೆ? ಉಳಿದ ತಪ್ಪು ತಳದ್ದು. ಸೂತ್ರ ಲೆಕ್ಕ ಹಾಕುವುದು ಪಕ್ಕದ ಗೋಡೆಯ ಎಳೆತವನ್ನು ಮಾತ್ರ. ತಳದ ಚಪ್ಪಟೆ ಮುಖದ ಕೆಳಗೂ ಎಣ್ಣೆ ಇದೆ, ಅದೂ ತಡೆಯುತ್ತದೆ. ಆ ಟಾರ್ಕನ್ನು ಹೀಗೆ ಅಂದಾಜು ಮಾಡಬಹುದು, `b` ಎಂದರೆ ತಳದ ಅಂತರ:

```
Tb = π μ ω Ri⁴ / (2b)
```

0.65 ಮತ್ತು 2 ಮಿ.ಮೀ. ಹಾಕಿದರೆ 0.51 ಮಿಲಿನ್ಯೂಟನ್-ಮೀಟರ್. ಗೋಡೆಯ ಪಾಲು 7.10. ಎರಡೂ ಸೇರಿ 7.61. ಮೀಟರ್ ತೋರಿಸಿದ್ದೂ ಅದನ್ನೇ.

ಸ್ನಿಗ್ಧತೆ ಮೊದಲೇ ಗೊತ್ತಿದ್ದರಿಂದ ಈ ಲೆಕ್ಕ ಕೂಡಿ ಬಂತು. ಗೊತ್ತಿಲ್ಲದ ದ್ರವಕ್ಕೆ ನಾಲ್ಕನೆಯ ದಾರಿ ಬೇಕು: ಎರಡು ಎತ್ತರದ ವಿಧಾನ. ಸಿರಿಂಜ್‌ನಿಂದ ಎಣ್ಣೆ ಎಳೆದು ಎತ್ತರವನ್ನು 60ರಿಂದ 30 ಮಿ.ಮೀ.ಗೆ ಇಳಿಸಿದೆ. ಟಾರ್ಕ್ 4.05ಕ್ಕೆ ಬಂತು. ತಳದ ಪಾಲು ಎರಡರಲ್ಲೂ ಒಂದೇ ಆದ್ದರಿಂದ ಕಳೆದಾಗ ಅದು ಹೊರಟುಹೋಗುತ್ತದೆ. ಉಳಿದ 3.55 ಪೂರ್ತಿ 30 ಮಿ.ಮೀ. ಗೋಡೆಯದು. ಅದನ್ನು ಪೂರ್ತಿ ಸೂತ್ರದಲ್ಲಿ ಹಾಕಿದರೆ 0.65. ಎತ್ತರಕ್ಕೆ ಎದುರಾಗಿ ಟಾರ್ಕ್‌ನ ಗ್ರಾಫ್ ಎಳೆದು ಗೆರೆಯನ್ನು ಹಿಂದಕ್ಕೆ ಬೆಳೆಸಿದರೆ ಅದು ಸೊನ್ನೆ ಟಾರ್ಕ್ ಮುಟ್ಟುವುದು ಮೈನಸ್ 4.2 ಮಿ.ಮೀ. ಹತ್ತಿರ. ಅಂದರೆ ಈ ತಳ 4.2 ಮಿ.ಮೀ. ಹೆಚ್ಚಿನ ಗೋಡೆಗೆ ಸಮ.

ಇದರಲ್ಲಿ ಕೈಕೆಲಸ ಜಾಗ್ರತೆ ಬೇಡುತ್ತದೆ. ಎಣ್ಣೆ ತೆಗೆದ ತಕ್ಷಣ ಅಳೆಯಬಾರದು. ಮೇಲಿನ ಗೋಡೆಗೆ ಅಂಟಿದ ಹರಳೆಣ್ಣೆ ನಿಧಾನವಾಗಿ ಇಳಿಯುತ್ತಿರುತ್ತದೆ, ಮಟ್ಟ ಏರುತ್ತಲೇ ಇರುತ್ತದೆ. ತಳದ ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ತಳದ ಪಾಲು ಇಳಿಯುತ್ತದೆ. ಅದು ಒಂದು ಎತ್ತರದಲ್ಲಿದ್ದು ಇನ್ನೊಂದರಲ್ಲಿ ಹೋಗಿಬಿಟ್ಟರೆ ಕಳೆಯುವ ಲೆಕ್ಕವೇ ಕೆಡುತ್ತದೆ. ಅದಕ್ಕೇ ಮೂರನೇ ಎತ್ತರದಲ್ಲೂ, ಉದಾಹರಣೆಗೆ 45ರಲ್ಲಿ, ಒಂದು ರೀಡಿಂಗ್ ತೆಗೆಯುತ್ತೇನೆ. ಮೂರೂ ಬಿಂದು ಒಂದೇ ಗೆರೆಯಲ್ಲಿ ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಇಷ್ಟು ಶ್ರಮ ಬೇಡ ಅಂದರೆ ಬೇರೆ ವಿನ್ಯಾಸದ ಸಿಲಿಂಡರ್‌ಗಳಿವೆ. ಕೆಲವು ತಳಗಳಲ್ಲಿ ಬೇಕೆಂದೇ ಗುಳಿ ಮಾಡಿ ಗಾಳಿ ಹಿಡಿದಿಡುತ್ತಾರೆ. ಜರ್ಮನಿಯ ಡಿನ್ 53019 ಮಾನಕದಲ್ಲಿ ತಳ ಶಂಕುವಿನಾಕಾರ, ತ್ರಿಜ್ಯಗಳ ಅನುಪಾತ 1.0847. ಅಲ್ಲಿ ತಳದ ಪಾಲಿಗೆ 1.10 ಎಂಬ ಗುಣಕವನ್ನು ಮೊದಲೇ ಹಾಕಿರುತ್ತಾರೆ.

ತಾಪಮಾನ ಹಿಡಿತದಲ್ಲಿ ಇಲ್ಲದಿದ್ದರೆ ಈ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಅಷ್ಟೇ. ಹರಳೆಣ್ಣೆ 20 ಡಿಗ್ರಿಯಲ್ಲಿ ಸುಮಾರು 0.99, 30ರಲ್ಲಿ 0.45. ಅಂದರೆ ಒಂದು ಡಿಗ್ರಿಗೆ ಸುಮಾರು 8%. ತಳದ ತಪ್ಪಿನಷ್ಟೇ ದೊಡ್ಡದು ಇದು. 60 ಆರ್‌ಪಿಎಂನಲ್ಲಿ ಎಣ್ಣೆಗೆ ಸೇರುವ ಶಾಖ 0.05 ವಾಟ್‌ಗೂ ಕಡಿಮೆ, ತೊಂದರೆಯಿಲ್ಲ. 600ಕ್ಕೆ ಏರಿಸಿದರೆ ಅದು ನೂರು ಪಟ್ಟಾಗುತ್ತದೆ. ಆಗ ಸಂದಿನ ಹದಿನೈದು ಗ್ರಾಂ ಎಣ್ಣೆ ಬೇಗ ಬಿಸಿಯಾಗಿ ಟಾರ್ಕ್ ಕಣ್ಣೆದುರೇ ಇಳಿಯುತ್ತದೆ.

ತೆಳುವಾದ ದ್ರವಗಳಿಗೆ ಈ ಉಪಕರಣ ಒಗ್ಗುವುದಿಲ್ಲ. 20 ಡಿಗ್ರಿಯ ನೀರು ಹಾಕಿದರೆ ಸುಮಾರು 30 ಆರ್‌ಪಿಎಂ ದಾಟುತ್ತಿದ್ದಂತೆ ಸಂದಿನಲ್ಲಿ ಉಂಗುರದಂಥ ಸುಳಿಗಳು ಹುಟ್ಟುತ್ತವೆ. ಒಳಗೋಡೆಯ ಹತ್ತಿರದ ವೇಗದ ನೀರು ಹೊರಕ್ಕೆ ನುಗ್ಗುವುದೇ ಕಾರಣ. 1923ರಲ್ಲಿ ಜಿ. ಐ. ಟೇಲರ್ ಇದನ್ನು ಲೆಕ್ಕದಲ್ಲೂ ಪ್ರಯೋಗದಲ್ಲೂ ತೋರಿಸಿದರು. ಅಲ್ಲಿಂದ ಮುಂದೆ ಟಾರ್ಕ್ ವೇಗಕ್ಕಿಂತ ಬೇಗ ಏರುತ್ತದೆ, ಸ್ನಿಗ್ಧತೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ವೇಗ ದುಪ್ಪಟ್ಟು ಮಾಡಿದಾಗ ಟಾರ್ಕ್ ದುಪ್ಪಟ್ಟಿಗಿಂತ ಹೆಚ್ಚಾದರೆ ಅನುಮಾನಪಡಿ. ಮೊರಿಸ್ ಕುವೆತ್ 1890ರಲ್ಲಿ ಮಾಡಿದಂತೆ ಹೊರಗಿನ ಸಿಲಿಂಡರ್ ತಿರುಗಿಸಿ, ಒಳಗಿನದನ್ನು ತಂತಿಗೆ ತೂಗುಬಿಟ್ಟು ಅಳೆದರೆ ಈ ಸುಳಿಗಳ ಕಾಟವಿಲ್ಲ. ನೀರಿನಂಥ ದ್ರವಕ್ಕೆ ನಾನು ಆರಿಸುವುದು ಅದನ್ನೇ. ಹರಳೆಣ್ಣೆಗೆ ಒಳ ಸಿಲಿಂಡರ್, ಪೂರ್ತಿ ಸೂತ್ರ ಮತ್ತು ಮೂರು ಎತ್ತರ.