ಹೊರಗಿನ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಮಾಡಿಸುವವರು ಇದನ್ನು ಓದಿ

ಕಾಸರಗೋಡು ಕಡೆಯ ಜೀವಶಾಸ್ತ್ರದ ಮಕ್ಕಳಿಗೂ ಟೀಚರ್‌ಗಳಿಗೂ ಇದನ್ನು ಹೇಳಲೇಬೇಕು. ಬದಿಯಡ್ಕದ ನಮ್ಮ ವಿದ್ಯಾರ್ಥಿನಿಯೊಬ್ಬಳ, ಜೀವಕೋಶದ ಭಾಗಗಳನ್ನು ಬೇರೆ ಮಾಡುವ ಪ್ರಾಜೆಕ್ಟ್ ಒಂದು ಖಾಸಗಿ ಲ್ಯಾಬಿನಿಂದಾಗಿ ಹಾಳಾಯಿತು.

ಆಡಿನ ಲಿವರನ್ನು ಐಸಿನಲ್ಲಿಟ್ಟು ಒಯ್ದು, ಅಲ್ಲೇ ತಣ್ಣಗಿನ 0.25 ಮೋಲಾರ್ ಸುಕ್ರೋಸಿನಲ್ಲಿ ಅರೆದೆವು. ಮೊದಲು 700 ಜಿಯಲ್ಲಿ 10 ನಿಮಿಷ ತಿರುಗಿಸಬೇಕು, ನ್ಯೂಕ್ಲಿಯಸ್ ಕೆಳಗಿಳಿಯುತ್ತದೆ. ಮೇಲಿನ ತಿಳಿಯನ್ನು 8,000 ಜಿಯಲ್ಲಿ ತಿರುಗಿಸಿದರೆ ಮೈಟೊಕಾಂಡ್ರಿಯಾ ಸಿಗುತ್ತದೆ. ನಮ್ಮ ಚೀಟಿಯಲ್ಲಿ 'ಜಿ' ಅಂತಲೇ, ಅಂದರೆ ಗುರುತ್ವದ ಎಷ್ಟು ಪಟ್ಟು ಬಲ ಎಂದೇ ಬರೆದಿತ್ತು. ಆದರೂ ಅಲ್ಲಿಯವರು ಮೊದಲ ಸುತ್ತನ್ನು 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿನ ವೇಗದಲ್ಲಿ ಓಡಿಸಿದರು. "ನ್ಯೂಕ್ಲಿಯಸ್‌ಗೆ ನಾವು ಯಾವಾಗಲೂ ಇಷ್ಟೇ ಇಡುವುದು ಟೀಚರ್" ಎಂದರು.

ಎಷ್ಟು ಬಲ ಬೀಳುತ್ತದೆ ಅನ್ನುವುದು ರೋಟರಿನ ತ್ರಿಜ್ಯದ ಮೇಲೂ ನಿಂತಿದೆ. ತ್ರಿಜ್ಯ ಸೆಂಟಿಮೀಟರಿನಲ್ಲಿದ್ದರೆ ಲೆಕ್ಕ ಹೀಗೆ:

```
g = 1.118 × 10⁻⁵ × r × rpm²
```

ತ್ರಿಜ್ಯ 7 ಸೆಂ.ಮೀ. ಇರುವ ಸಣ್ಣ ರೋಟರಿನಲ್ಲಿ 3,000 ಆರ್‌ಪಿಎಂ ಅಂದರೆ ಸುಮಾರು 700 ಜಿ, ಸರಿಯಾಗಿಯೇ ಇದೆ. ಅವರು ಹಾಕಿದ್ದು ಬಕೆಟ್ ತೂಗುವ ದೊಡ್ಡ ರೋಟರ್, ತ್ರಿಜ್ಯ 17 ಸೆಂ.ಮೀ. ಅದರಲ್ಲಿ ಅದೇ ವೇಗಕ್ಕೆ ಸುಮಾರು 1,700 ಜಿ ಆಗುತ್ತದೆ! 700 ಬೇಕಿದ್ದರೆ 1,900 ಆರ್‌ಪಿಎಂ ಸಾಕಿತ್ತು. ದೊಡ್ಡ ಮೈಟೊಕಾಂಡ್ರಿಯಾಗಳೆಲ್ಲ ನ್ಯೂಕ್ಲಿಯಸ್ ಜೊತೆಗೇ ತಳ ಸೇರಿದವು.

'ಮೈಟೊಕಾಂಡ್ರಿಯಾ' ಎಂದು ಚೀಟಿ ಅಂಟಿಸಿದ್ದ ಟ್ಯೂಬಿನ ತಳದಲ್ಲಿ ತೆಳು ಕಂದು ಪೊರೆಯಷ್ಟೇ ಇತ್ತು. ಅವಳು ಎಲ್ಲ ಭಾಗಗಳಲ್ಲೂ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಅಳೆದಳು. ಈ ಕಿಣ್ವ ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಇರುವುದರಿಂದ ಅದು ಎಲ್ಲಿ ಕಂಡರೂ ಮೈಟೊಕಾಂಡ್ರಿಯಾ ಅಲ್ಲಿದೆ ಎಂದರ್ಥ. ಅರ್ಧಕ್ಕಿಂತ ಜಾಸ್ತಿ ಸಿಕ್ಕಿದ್ದು ನ್ಯೂಕ್ಲಿಯಸ್ ಪೆಲೆಟಿನಲ್ಲಿ. ಒಡೆಯದ ಜೀವಕೋಶಗಳು ಉಳಿದಿದ್ದರೂ ಹೀಗಾಗಬಹುದು ಅಲ್ವಾ? ಅದಕ್ಕೇ ಪೆಲೆಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಇಡೀ ಜೀವಕೋಶಗಳು ಅಲ್ಲೊಂದು ಇಲ್ಲೊಂದು ಅಷ್ಟೇ ಇದ್ದವು. ಲ್ಯಾಬಿನವರು ಆ ಪೆಲೆಟನ್ನು ಚೆಲ್ಲಲು ಹೊರಟಿದ್ದರು, ಅವಳು ಬೇಡವೆಂದು ಹಟ ಹಿಡಿದು ತಂದಿದ್ದಳು. ಅದಿಲ್ಲದಿದ್ದರೆ ಕಾರಣ ಗೊತ್ತೇ ಆಗುತ್ತಿರಲಿಲ್ಲ. ಹಣ ವಾಪಸ್ ಕೇಳಿದ್ದಕ್ಕೆ ಲಿವರೇ ಸರಿ ಇರಲಿಲ್ಲ ಎಂದರು. ಒಬ್ಬ ವಿದ್ಯಾರ್ಥಿನಿಗೆ ಹಾಗೆ ಹೇಳಿ ಕಳಿಸಿದ್ದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ಅಲ್ಟ್ರಾಸೆಂಟ್ರಿಫ್ಯೂಜ್‌ಗೆ ಕೊಡುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ರೋಟರ್ ಕಣಗಳನ್ನು ಎಷ್ಟು ಬೇಗ ತಳಕ್ಕಿಳಿಸುತ್ತದೆ ಎಂದು ತಿಳಿಸುವ ಕೆ ಅಂಕಿಯನ್ನು ಕೇಳಿ. ಅದನ್ನು ಕಣ ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಸ್ವೆಡ್‌ಬರ್ಗ್ ಅಂಕಿಯಿಂದ, ಅಂದರೆ 'ಎಸ್'ನಿಂದ ಭಾಗಿಸಿದರೆ ಕಣ ತಳ ಮುಟ್ಟಲು ಬೇಕಾದ ಗಂಟೆ ಸಿಗುತ್ತದೆ. 80 ಎಸ್ ರೈಬೋಸೋಮಿಗೆ ಕೆ 160 ಇದ್ದರೆ ಎರಡು ಗಂಟೆ, 80 ಇದ್ದರೆ ಒಂದೇ ಗಂಟೆ. ಇದು 20 ಡಿಗ್ರಿ ನೀರಿನ ಲೆಕ್ಕ. ತಣ್ಣಗಿನ ಸುಕ್ರೋಸ್ ಮಂದವಾಗಿರುವುದರಿಂದ ಅದರಲ್ಲಿ ಇನ್ನೂ ಜಾಸ್ತಿ ಹೊತ್ತು ಬೇಕು.

ದುಡ್ಡು ಕಟ್ಟುವ ಮೊದಲೇ ರೋಟರಿನ ಹೆಸರು, ತ್ರಿಜ್ಯ ಎರಡನ್ನೂ ಬರೆಸಿಕೊಳ್ಳಿ. ಹೇಳಲು ಹಿಂಜರಿದರೆ ಅಲ್ಲಿ ಕೊಡಬೇಡಿ.