ಮುಖ ಹತ್ತಿರ ಇಟ್ಟು ನೋಡುವವರಿಗೆ ಯಾವ ಲ್ಯಾಪ್‌ಟಾಪ್: ಹಳೆ ಟಿ480, ಹೊಸ 15.6 ಇಂಚು, ಹೊಸ 14 ಇಂಚು

ಮಂದದೃಷ್ಟಿಯವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ರೂ ಬೇಕು, ಅಕ್ಷರ ಹಿಗ್ಗಿಸುವ ಮ್ಯಾಗ್ನಿಫೈಯರೂ ಬೇಕು, ಕೈಯಲ್ಲಿರುವುದು 40 ಸಾವಿರದೊಳಗಿನ ದುಡ್ಡು ಎಂದಾದರೆ ನನ್ನ ಓಟು ರೀಫರ್ಬಿಶ್ ಮಾಡಿದ 14 ಇಂಚಿನ ಥಿಂಕ್‌ಪ್ಯಾಡ್ ಟಿ480ಗೆ. ಆದರೆ ಎಲ್ಲ ಟಿ480ಗೂ ಅಲ್ಲ. ಅದೇ ಹೆಸರಿನಲ್ಲಿ 1366×768ರ ಟಿಎನ್ ಪರದೆಯದೂ ಬಂದಿದೆ, 1920×1080ರ ಐಪಿಎಸ್ ಪರದೆಯದೂ ಬಂದಿದೆ. ಮೊದಲನೆಯದನ್ನು ಯಾರಾದರೂ ಸುಮ್ಮನೆ ಕೊಟ್ಟರೂ ಈ ಕೆಲಸಕ್ಕೆ ಬೇಡ.

ಯಾಕೆ ಅನ್ನುವುದಕ್ಕೆ ಒಬ್ಬ ಬಳಕೆದಾರಳನ್ನು ಎದುರಿಗಿಟ್ಟುಕೊಳ್ಳೋಣ. ವಿಜಯಪುರದಲ್ಲಿ ಬಿ.ಎ. ಓದುತ್ತ ಎಫ್‌ಡಿಎ ಪರೀಕ್ಷೆಗೆ ತಯಾರಿ ನಡೆಸಿರುವ ಹುಡುಗಿ. ಸ್ಟಾರ್ಗಾರ್ಟ್ ಕಾಯಿಲೆಯಿಂದ ನಡುದೃಷ್ಟಿ ಹೋಗಿ ಅಂಚಿನ ದೃಷ್ಟಿ ಉಳಿದಿದೆ. ಉದ್ದನೆಯ ಪಾಠವನ್ನು ಎನ್‌ವಿಡಿಎ ಎಂಬ ಪುಕ್ಕಟೆ ಸ್ಕ್ರೀನ್ ರೀಡರ್‌ನಿಂದ ಓದಿಸಿಕೊಂಡು ಕೇಳುತ್ತಾಳೆ. ಕೋಷ್ಟಕ, ನಕ್ಷೆ, ಫಾರ್ಮುಗಳನ್ನು ಕಣ್ಣಿನಿಂದಲೇ ನೋಡುತ್ತಾಳೆ. ಆಗ ಮುಖಕ್ಕೂ ಪರದೆಗೂ ನಡುವೆ 12 ಸೆಂ.ಮೀ. ಅಷ್ಟೇ.

ಎಲ್ಲ ತಕರಾರು ಆ 12 ಸೆಂ.ಮೀ.ನಲ್ಲೇ ಇದೆ. 15.6 ಇಂಚಿನ ಪರದೆಯ ಎತ್ತರ ಸುಮಾರು 19.4 ಸೆಂ.ಮೀ. ಕಣ್ಣು ಪರದೆಯ ನಟ್ಟನಡುವೆ ಇದ್ದರೂ ಮೇಲಿನ ಮತ್ತು ಕೆಳಗಿನ ಅಂಚು ಸುಮಾರು 39 ಡಿಗ್ರಿ ಓರೆಯಾಗಿ ಕಾಣುತ್ತವೆ. 14 ಇಂಚಿನಲ್ಲಿ ಇದು 36ರ ಹತ್ತಿರ. ಐಪಿಎಸ್ ಪರದೆ ಇಷ್ಟು ಓರೆಯನ್ನು ತಾಳುತ್ತದೆ, ಟಿಎನ್ ಪರದೆ ಮೇಲೆ-ಕೆಳಗೆ ಇದನ್ನು ತಾಳುವುದಿಲ್ಲ. ಒಂದು ಅಂಚು ಕಪ್ಪಿಟ್ಟರೆ ಇನ್ನೊಂದು ಬಿಳಿಚಿಕೊಳ್ಳುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಮಾಡಿಕೊಂಡವರಿಗೆ ಆ ಕಪ್ಪು ಬೂದಿಯಾಗಿ ಅಕ್ಷರವೇ ಕರಗಿಹೋಗುತ್ತದೆ. ಬಳಸುವವರು "ಕಣ್ಣು ಇನ್ನೂ ಮಂದ ಆದಂಗ ಆತು" ಅಂದುಕೊಳ್ಳುತ್ತಾರೆ, ಮ್ಯಾಗ್ನಿಫೈಯರ್ ಇನ್ನೂ ಏರಿಸುತ್ತಾರೆ, ಕಾಣುವ ಜಾಗ ಇನ್ನೂ ಕಿರಿದಾಗುತ್ತದೆ.

ಅಂಗಡಿಯವರು ತೋಳಳತೆ ದೂರದಲ್ಲಿ ನಿಂತು "ಡಿಸ್‌ಪ್ಲೇ ಒಂದ್ ನಂಬರ್ ಐತ್ರಿ" ಅಂತಾರೆ. ಅವರ ದೂರಕ್ಕೆ ಅದು ಸುಳ್ಳೂ ಅಲ್ಲ. ಬೆಲೆಪಟ್ಟಿಯಲ್ಲಿ "ಆ್ಯಂಟಿ ಗ್ಲೇರ್" ಎಂದಿದ್ದರೆ ಅದು ಹೊಳಪಿನ ಮಾತು, ಟಿಎನ್ನೋ ಐಪಿಎಸ್ಸೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊಸ 15.6 ಇಂಚಿನ ಅಗ್ಗದ ಮಾಡೆಲ್‌ಗಳಲ್ಲಿ ಫುಲ್ ಎಚ್‌ಡಿ ಎಂದು ಬರೆದಿದ್ದರೂ ಟಿಎನ್ ಇರಬಹುದು. ಪರೀಕ್ಷೆ ಸುಲಭ: ನೋಟ್‌ಪ್ಯಾಡ್ ತೆರೆದು, ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿ ಮ್ಯಾಗ್ನಿಫೈಯರ್ ಶುರು ಮಾಡಿ, ಕಂಟ್ರೋಲ್-ಆಲ್ಟ್-ಐ ಒತ್ತಿ ಬಣ್ಣ ತಿರುಗಿಸಿ. ಬಳಸುವವರೇ ತಮ್ಮ ದೂರದಲ್ಲಿ ಕೂತು, ತಲೆ ಅಲ್ಲಾಡಿಸದೆ, ಮೊದಲ ಸಾಲನ್ನೂ ಕೊನೆಯ ಸಾಲನ್ನೂ ನೋಡಲಿ. ಎರಡರ ಕಪ್ಪೂ ಒಂದೇ ಇರಬೇಕು. ಅನುಮಾನ ಉಳಿದರೆ ಪವರ್‌ಶೆಲ್‌ನಲ್ಲಿ ಇದನ್ನು ಕೊಡಿ:

```
Get-PnpDevice -Class Monitor | Select InstanceId
```

`DISPLAY` ಆದ ಮೇಲಿನ ಮೊದಲ `\` ಗೆರೆಯ ನಂತರ ಬರುವ ಏಳು ಅಕ್ಷರ-ಅಂಕಿಗಳೇ ಪರದೆಯ ಗುರುತು. ಅದನ್ನು ನೆಟ್‌ನಲ್ಲಿ ಹುಡುಕಿದರೆ ಯಾವ ಜಾತಿಯದೆಂದು ಸಾಮಾನ್ಯವಾಗಿ ಸಿಗುತ್ತದೆ.

ಗಾಜಿನಂತೆ ಹೊಳೆಯುವ ಪರದೆ ಬೇಡವೇ ಬೇಡ. ನಮ್ಮ ಕಡೆಯ ಬಿಸಿಲಿಗೆ ಬಾಗಿಲು ತೆರೆದಿಟ್ಟ ಪಡಸಾಲೆಯಲ್ಲಿ ಅದು ಕನ್ನಡಿಯೇ ಸರಿ.

ಇನ್ನು ಕೀಬೋರ್ಡ್. 15.6 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಬಲಗಡೆ ನಂಬರ್ ಪ್ಯಾಡ್ ಇರುತ್ತದೆ. ತರಬೇತಿಯಲ್ಲಿ ಎನ್‌ವಿಡಿಎಯ ಡೆಸ್ಕ್‌ಟಾಪ್ ಲೇಔಟ್ ಕಲಿತವರಿಗೆ ಅದು ಆಸ್ತಿ. ಪರದೆಯ ಬರಹವನ್ನು ಸಾಲು, ಪದ, ಅಕ್ಷರವಾಗಿ ಓದಿಸುವ ರಿವ್ಯೂ ಕಮಾಂಡುಗಳೆಲ್ಲ ಅಲ್ಲೇ ಇವೆ, ನಮ್‌ಲಾಕ್ ಆಫ್ ಇರಬೇಕಷ್ಟೆ. ಆದರೆ ಪ್ಯಾಡ್ ಇದ್ದರೆ ಮುಖ್ಯ ಕೀಬೋರ್ಡ್ ಎಡಕ್ಕೆ ಸರಿಯುತ್ತದೆ. ಕೈ ಎಡಕ್ಕೆ, ಮುಖ ಪರದೆಯ ನಡುವಿಗೆ. ಮುಖ ಹತ್ತಿರ ಇಟ್ಟು ಕೂರುವವರ ಕುತ್ತಿಗೆಗೆ ಸಂಜೆಯ ಹೊತ್ತಿಗೆ ಇದು ಗೊತ್ತಾಗುತ್ತದೆ. ಟಿ480ಯಲ್ಲಿ ಪ್ಯಾಡ್ ಇಲ್ಲ, ಆದರೆ ಹೋಮ್, ಎಂಡ್, ಇನ್ಸರ್ಟ್, ಡಿಲೀಟ್ ಬೇರೆ ಬೇರೆ ಕೀಲಿಗಳಾಗಿಯೇ ಇವೆ. ಎಫ್ ಸಾಲಿನಲ್ಲಿ ನಾಲ್ಕು ನಾಲ್ಕರ ನಡುವೆ ಸಂದು ಇರುವುದರಿಂದ ಬೆರಳಿಗೇ ಎಣಿಕೆ ಸಿಗುತ್ತದೆ.

ಟಿ480ಯ ಒಂದು ಕಿರಿಕಿರಿ: ಎಡಮೂಲೆಯಲ್ಲಿ ಕಂಟ್ರೋಲ್ ಬದಲು ಎಫ್‌ಎನ್ ಇದೆ. ಯಂತ್ರ ಶುರುವಾಗುವಾಗ ಎಫ್1 ಒತ್ತಿ, `Config` ಒಳಗಿನ `Keyboard/Mouse`ನಲ್ಲಿ ಎರಡನ್ನೂ ಅದಲುಬದಲು ಮಾಡಿ ಎಫ್10ರಿಂದ ಉಳಿಸಬಹುದು. ವಿಂಡೋಸ್‌ಗೂ ಮುಂಚೆ ಬರುವ ಈ ಬಯೋಸ್‌ನಲ್ಲಿ ಯಾವ ಸ್ಕ್ರೀನ್ ರೀಡರೂ ಮಾತಾಡುವುದಿಲ್ಲ. ಹಾಗಾಗಿ ದುಡ್ಡು ಎಣಿಸುವ ಮುಂಚೆ ಅಂಗಡಿಯವರ ಕೈಯಿಂದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೊಸ ತೆಳು 14 ಇಂಚಿನವು ನನಗೆ ಕೊನೆಯ ಆಯ್ಕೆ. ಅವುಗಳಲ್ಲಿ ಎಷ್ಟೋ ಯಂತ್ರಗಳ ಪವರ್ ಬಟನ್ ಡಿಲೀಟ್ ಪಕ್ಕದ ಕೀಲಿಯೇ ಆಗಿರುತ್ತದೆ. ಬೆರಳು ಒಂದು ಮನೆ ತಪ್ಪಿದರೆ ಯಂತ್ರ ಮಲಗುತ್ತದೆ, ಎನ್‌ವಿಡಿಎ ಮಾತು ನಿಲ್ಲುತ್ತದೆ, ಏನಾಯಿತೆಂದು ತಿಳಿಯುವುದಿಲ್ಲ. ಕೊಂಡುಬಿಟ್ಟಿದ್ದರೆ ಆ ಬಟನ್ನಿನ ಕೆಲಸ ತೆಗೆದುಹಾಕಿ:

```
powercfg /setacvalueindex scheme_current sub_buttons pbuttonaction 0
powercfg /setdcvalueindex scheme_current sub_buttons pbuttonaction 0
powercfg /setactive scheme_current
```

2024ರಿಂದ ಬಂದ ಹಲವು ಯಂತ್ರಗಳಲ್ಲಿ ಬಲಗಡೆಯ ಮೆನು ಕೀ ಇಲ್ಲವೇ ಬಲ ಕಂಟ್ರೋಲ್ ಜಾಗಕ್ಕೆ ಕೋಪೈಲಟ್ ಕೀ ಬಂದಿದೆ. ಮೆನುಗೆ ಶಿಫ್ಟ್-ಎಫ್10 ರೂಢಿ ಮಾಡಿಕೊಳ್ಳಬೇಕು. ಹೊಸದರಲ್ಲಿ ವಿಂಡೋಸ್, ಸ್ಟೋರ್‌ನ ಆ್ಯಪ್‌ಗಳನ್ನಷ್ಟೇ ಓಡಿಸುವ ಎಸ್ ಮೋಡ್‌ನಲ್ಲಿದ್ದರೆ ಪೆನ್‌ಡ್ರೈವಿನ ಎನ್‌ವಿಡಿಎ ಓಡುವುದೇ ಇಲ್ಲ. ಸ್ಟೋರ್‌ನಿಂದ ಎಸ್ ಮೋಡ್ ಬಿಡುವುದು ಪುಕ್ಕಟೆ.

ಮ್ಯಾಕ್‌ಬುಕ್‌ನ ವಾಯ್ಸ್‌ಓವರ್, ಜೂಮ್ ಎರಡೂ ಚೆನ್ನ. ಈ ಬಜೆಟ್ಟಿಗೆ ಅದರ ಮಾತು ಬೇಡ.

ಹೊಂದಿಸುವ ಕ್ರಮ ಹೀಗೆ. ವಿಜಯಪುರದ ಆ ಹುಡುಗಿಗೆ ಅಕ್ಷರ ನಾಲ್ಕು ಪಟ್ಟು ಬೇಕು. ಮ್ಯಾಗ್ನಿಫೈಯರ್ ಒಂದನ್ನೇ 400%ಗೆ ಏರಿಸಿದರೆ 1920×1080ರಲ್ಲಿ ಒಮ್ಮೆಗೆ ಕಾಣುವುದು 480×270ರಷ್ಟು ತುಣುಕು. ಪ್ರತಿ ಸಾಲಿಗೂ ಎಡಬಲ ಓಡಾಟ. ಅದರ ಬದಲು ಮೊದಲು ಡಿಸ್‌ಪ್ಲೇ ಸ್ಕೇಲ್ 175% ಮಾಡಿ. ವೆಬ್ ಪುಟದ ಸಾಲುಗಳು ತಾವೇ ಮುರಿದು ಕೂರುತ್ತವೆ, ಅಕ್ಷರವೂ ಚೂಪಾಗಿರುತ್ತದೆ. ಆಮೇಲೆ ಮ್ಯಾಗ್ನಿಫೈಯರ್ 200% ಸಾಕು, ಒಟ್ಟು ಮೂರೂವರೆ ಪಟ್ಟು. ಉಳಿದದ್ದನ್ನು ಬ್ರೌಸರ್‌ನ ಕಂಟ್ರೋಲ್-ಪ್ಲಸ್ ತುಂಬುತ್ತದೆ. ಸ್ಕೇಲನ್ನು 200%ಗೆ ಒಯ್ದರೆ ಪರದೆ 960×540ರಂತೆ ವರ್ತಿಸಿ, ಕೆಲವು ಹಳೆಯ ಡಯಲಾಗ್‌ಗಳ ಓಕೆ ಬಟನ್ ಕೆಳಗೆ ಮರೆಯಾಗುತ್ತದೆ.

ಎನ್‌ವಿಡಿಎ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್ ಲೇಔಟ್ ಆರಿಸಿ, ಕ್ಯಾಪ್ಸ್‌ಲಾಕನ್ನೂ ಎನ್‌ವಿಡಿಎ ಕೀ ಮಾಡಿ. ವಿಷನ್ ಭಾಗದಲ್ಲಿ ಫೋಕಸ್ ಹೈಲೈಟ್ ಹಾಕಿ. ಒಂದು ಮಿತಿ ಗೊತ್ತಿರಲಿ: ವೆಬ್ ಪುಟದಲ್ಲಿ ಎನ್‌ವಿಡಿಎ ಓದುತ್ತ ಹೋದಂತೆ ವಿಂಡೋಸ್ ಮ್ಯಾಗ್ನಿಫೈಯರ್ ಹಿಂದೆ ಬರುವುದಿಲ್ಲ, ಅದರ ಪಟ್ಟಿಯಲ್ಲಿರುವುದು ವಿಂಡೋಸ್‌ನದೇ ಸ್ಕ್ರೀನ್ ರೀಡರ್ ಆದ ನರೇಟರ್‌ನ ಕರ್ಸರ್. ಕಿವಿ, ಕಣ್ಣು ಒಟ್ಟಿಗೇ ಸಾಗಬೇಕಾದಾಗ ಆ ಪುಟಕ್ಕೆ ವಿಂಡೋಸ್-ಕಂಟ್ರೋಲ್-ಎಂಟರ್ ಒತ್ತಿ ನರೇಟರ್ ಕರೆಯುವುದು ಒಂದು ದಾರಿ.

ಕನ್ನಡಕ್ಕೆ ಇಸ್ಪೀಕ್ ಎನ್‌ಜಿ ಧ್ವನಿ ಎನ್‌ವಿಡಿಎ ಒಳಗೇ ಇದೆ. ಕನ್ನಡ ಫೈಲು ತೆರೆದಾಗ ಗೊಣಗೊಣ ಬಂದರೆ ಲ್ಯಾಪ್‌ಟಾಪಿನ ತಪ್ಪಲ್ಲ. ಫಾಂಟ್ ಬದಲಿಸಿ ನೋಡಿ. "ಕನ್ನಡ" ಇದ್ದಲ್ಲಿ `PÀ£ÀßqÀ` ಕಂಡರೆ ಅದು ಹಳೆಯ ನುಡಿ ಆಸ್ಕಿ ಬರಹ, ಯೂನಿಕೋಡ್‌ಗೆ ಪರಿವರ್ತಿಸಿಯೇ ಓದಿಸಬೇಕು.

ಹಳೆ ಯಂತ್ರದಲ್ಲಿ `powercfg /batteryreport` ಕೊಟ್ಟು ಬ್ಯಾಟರಿಯ ಮೂಲ ಸಾಮರ್ಥ್ಯದಲ್ಲಿ ಎಷ್ಟು ಉಳಿದಿದೆ ನೋಡಿ. ಟಿ480ಯ ಹಿಂದಿನ ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದು, ಲೈಟು ಹೋಗುವ ಊರಿಗೆ ಅದು ದೊಡ್ಡ ಅನುಕೂಲ. ಪ್ರೊಸೆಸರ್ 8ನೇ ತಲೆಮಾರಿನದೇ ಇರಲಿ, ಉದಾಹರಣೆಗೆ ಐ5-8250ಯು. ಅದಕ್ಕಿಂತ ಹಿಂದಿನದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದು ಕಷ್ಟ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ವಾರಂಟಿ ಇಲ್ಲದೆ ನಿದ್ದೆ ಬಾರದವರು, ನಂಬರ್ ಪ್ಯಾಡ್ ಬಿಟ್ಟಿರಲಾರದವರು ಐಪಿಎಸ್ ಇರುವ ಹೊಸ 15.6 ಇಂಚಿಗೆ ಹೋಗಲಿ. ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ಸುತ್ತಲಿನ ದೃಷ್ಟಿ ಕುಗ್ಗಿ ನಡು ಮಾತ್ರ ಉಳಿದವರಿಗಂತೂ 14 ಇಂಚೇ ಸರಿ. ಅಗಲ ಹೆಚ್ಚಾದಷ್ಟೂ ಅವರು ತಲೆ ಹೊರಳಿಸಿ ಹುಡುಕುವುದೇ ಹೆಚ್ಚು. ಯಾವುದನ್ನೇ ಕೊಂಡರೂ ವೈರ್ ಇರುವ ಹೆಡ್‌ಫೋನ್ ಜೊತೆಗಿರಲಿ, ಬ್ಲೂಟೂತ್‌ನಲ್ಲಿ ಕೀಲಿ ಒತ್ತಿದ ಮೇಲೆ ಮಾತು ತಡವಾಗಿ ಬರುತ್ತದೆ.