ಮೂರು ಯಂತ್ರ, ಒಂದೇ ಪೆಟ್ಟಿಗೆ: ಕೀಪಾಸ್ ಕಡತವನ್ನು ಸಿಂಕ್‌ಥಿಂಗ್‌ನಲ್ಲಿ ಓಡಿಸಿದ ಎರಡೂವರೆ ವರ್ಷ

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದು ತೆರಿಗೆ ಲೆಕ್ಕಪತ್ರದ ಸಣ್ಣ ಕಚೇರಿ. ಬಟ್ಟೆ ಅಂಗಡಿ, ದಲ್ಲಾಳಿ ಅಂಗಡಿ, ಒಂದೆರಡು ಮಂಡಕ್ಕಿ ಭಟ್ಟಿ ಸೇರಿ ತೊಂಬತ್ತಕ್ಕೂ ಹೆಚ್ಚು ಕಕ್ಷಿದಾರರಿದ್ದಾರೆ. ಒಬ್ಬೊಬ್ಬರಿಗೂ ಜಿಎಸ್‌ಟಿ, ಆದಾಯ ತೆರಿಗೆ, ಇಮೇಲ್ ಎಂದು ಮೂರು ನಾಲ್ಕು ಪಾಸ್‌ವರ್ಡ್. ಮೊದಲು ಇವೆಲ್ಲ ಕೆಂಪು ರಟ್ಟಿನ ಪುಸ್ತಕದಲ್ಲಿದ್ದವು. ಈಗ `lekka.kdbx` ಎಂಬ ಒಂದೇ ಕಡತದಲ್ಲಿವೆ. ಕಚೇರಿಯ ಡೆಸ್ಕ್‌ಟಾಪ್‌ನಲ್ಲೂ ವಿದ್ಯಾನಗರದ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಅದನ್ನು ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ತಂತ್ರಾಂಶ ತೆರೆಯುತ್ತದೆ, ಮೊಬೈಲ್‌ನಲ್ಲಿ ಕೀಪಾಸ್‌ಡಿಎಕ್ಸ್. ಮೂರರ ನಡುವೆ ಕಡತವನ್ನು ಹೊತ್ತು ತಿರುಗುವುದು ಸಿಂಕ್‌ಥಿಂಗ್. ಯಾವ ಕಂಪನಿಯ ಸರ್ವರ್‌ನಲ್ಲೂ ಅದು ಕೂರುವುದಿಲ್ಲ, ತಿಂಗಳ ಬಾಡಿಗೆಯೂ ಇಲ್ಲ.

ಮೊದಲ ಒಂದು ವರ್ಷ ಯಾವ ತಕರಾರೂ ಇರಲಿಲ್ಲ. ಆಮೇಲೆ 2024ರ ಜುಲೈ 19 ಬಂತು. ಮರುದಿನ ಜಿಎಸ್‌ಟಿಯ ತಿಂಗಳ ಲೆಕ್ಕ 3ಬಿ ಸಲ್ಲಿಸಲು ಕೊನೆಯ ದಿನ. ಆ ದಿನಗಳಲ್ಲಿ ನಮ್ಮ ಕಚೇರಿಯಲ್ಲಿ ಯಾರೂ ನೆಟ್ಟಗೆ ಊಟ ಮಾಡುವುದಿಲ್ಲ. ಬೆಳಿಗ್ಗೆ ಚಿತ್ರದುರ್ಗದ ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿಯಲ್ಲಿ ಕುಳಿತು ಅವರ ಜಿಎಸ್‌ಟಿ ಪಾಸ್‌ವರ್ಡ್ ಬದಲಿಸಿ ಮೊಬೈಲ್‌ನಲ್ಲೇ ಉಳಿಸಿದೆ. ಡೇಟಾ ಉಳಿಯಲಿ ಎಂದು ಸಿಂಕ್‌ಥಿಂಗ್ ವೈಫೈ ಇದ್ದಾಗ ಮಾತ್ರ ಓಡುವಂತೆ ಇಟ್ಟಿದ್ದೆ. ಹಾಗಾಗಿ ಆ ಬದಲಾವಣೆ ನನ್ನ ಜೇಬಿನಲ್ಲೇ ಉಳಿಯಿತು. ಮಧ್ಯಾಹ್ನ ನಾನು ಭರಮಸಾಗರ ದಾಟಿ ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ ಕಚೇರಿಯ ಸಹಾಯಕಿ ಡೆಸ್ಕ್‌ಟಾಪ್‌ನಲ್ಲಿ ಬೇರೊಬ್ಬರ ಇಮೇಲ್ ಪಾಸ್‌ವರ್ಡ್ ತಿದ್ದಿದರು.

ಸಂಜೆ ಏಳು ದಾಟಿದ ಮೇಲೆ ಬಟ್ಟೆ ವ್ಯಾಪಾರಿಯ ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ. ಮೊಬೈಲ್‌ನಲ್ಲಿ ನೋಡಿದರೆ ಅಲ್ಲೂ ಹಳೆಯದೇ! ಬೆಳಿಗ್ಗೆ ನನ್ನ ಕೈಯಾರೆ ಬದಲಿಸಿದ್ದು ಕನಸೇ ಎಂದು ಅನುಮಾನ ಬಂತು. ಫೋಲ್ಡರ್ ತೆರೆದಾಗ ಅಲ್ಲೊಬ್ಬ ಹೊಸ ಅತಿಥಿ ಕೂತಿದ್ದ:

```
lekka.sync-conflict-20240719-191205-K7QXB2M.kdbx
```

ಈ ಹೆಸರನ್ನು ಓದಲು ಕಲಿತರೆ ಅರ್ಧ ಗಾಬರಿ ಇಳಿಯುತ್ತದೆ. ನಡುವೆ ಇರುವುದು ಘರ್ಷಣೆ ಕಂಡುಬಂದ ದಿನ ಮತ್ತು ಹೊತ್ತು. ಕೊನೆಯ ಏಳು ಅಕ್ಷರ, ಈ ಪ್ರತಿಯನ್ನು ಕೊನೆಯದಾಗಿ ತಿದ್ದಿದ ಯಂತ್ರದ ಗುರುತು. ನನ್ನ ವಿಷಯದಲ್ಲಿ ಮೊಬೈಲ್. ಎರಡೂ ಕಡೆ ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದೆ ಕಡತ ಬದಲಾಗಿದ್ದರೆ ಸಿಂಕ್‌ಥಿಂಗ್ ಯಾವುದನ್ನೂ ಎಸೆಯುವುದಿಲ್ಲ. ತಿದ್ದಿದ ಸಮಯ ಹೊಸದಾಗಿರುವ ಪ್ರತಿಗೆ ಮೂಲ ಹೆಸರನ್ನು ಬಿಟ್ಟುಕೊಟ್ಟು, ಹಳೆಯದಕ್ಕೆ ಈ ಉದ್ದ ಹೆಸರಿಟ್ಟು ಎಲ್ಲ ಯಂತ್ರಗಳಿಗೂ ಕಳುಹಿಸುತ್ತದೆ. ಸಹಾಯಕಿ ತಿದ್ದಿದ್ದು ನನ್ನ ನಂತರ, ಆದ್ದರಿಂದ ಅವರ ಪ್ರತಿ ಗೆದ್ದಿತು.

ಇಬ್ಬರೂ ತಿದ್ದಿದ್ದು ಬೇರೆ ಬೇರೆ ನಮೂದು ತಾನೆ, ಸಿಂಕ್‌ಥಿಂಗೇ ಎರಡನ್ನೂ ಸೇರಿಸಬಾರದೇ ಎಂದು ನಾನೂ ಆ ರಾತ್ರಿ ಗೊಣಗಿದ್ದೆ. ಸೇರಿಸಲು ಅದಕ್ಕೆ ದಾರಿಯೇ ಇಲ್ಲ. ಕೆಡಿಬಿಎಕ್ಸ್ ಕಡತ ಇಡಿಯಾಗಿ ಗೂಢಲಿಪಿಯಲ್ಲಿದೆ. ಒಂದಕ್ಷರ ತಿದ್ದಿ ಉಳಿಸಿದರೂ ಒಳಗಿನ ಬೈಟುಗಳೆಲ್ಲ ಹೊಸದಾಗುತ್ತವೆ. ಹೊರಗಿನಿಂದ ನೋಡುವವರಿಗೆ ಅದು ಬೀಗ ಹಾಕಿದ ಪೆಟ್ಟಿಗೆ. ಸೇರಿಸುವ ಕೆಲಸ ಬೀಗದ ಕೈ ಇರುವ ಕೀಪಾಸ್‌ನದು, ಪೆಟ್ಟಿಗೆ ಹೊರುವ ಕೂಲಿಯದಲ್ಲ. ಹಿಂದೆ ಬಳಸುತ್ತಿದ್ದ ಒಂದು ಕ್ಲೌಡ್ ಡ್ರೈವ್‌ನಲ್ಲೂ ಇದೇ ಪಾಡು, ಹೆಸರು ಮಾತ್ರ ಬೇರೆ.

ಸೇರಿಸುವುದು ಐದು ನಿಮಿಷದ ಕೆಲಸ. ಮೊದಲು ಎರಡೂ ಕಡತಗಳ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಬಳಿಕ ಡೆಸ್ಕ್‌ಟಾಪ್‌ನಲ್ಲಿ ಮೂಲ ಕಡತ ತೆರೆದು, `Database` ಪಟ್ಟಿಯಲ್ಲಿ `Merge From Database...` ಒತ್ತಿ, ಉದ್ದ ಹೆಸರಿನ ಪ್ರತಿಯನ್ನು ತೋರಿಸಿ, ಕಡತ ತೆರೆಯುವ ಅದೇ ಪಾಸ್‌ವರ್ಡ್ ಕೊಟ್ಟೆ. ಪ್ರತಿ ನಮೂದಿಗೂ ಹುಟ್ಟಿನಿಂದಲೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕೀಪಾಸ್‌ಎಕ್ಸ್‌ಸಿ ಅದನ್ನು ಹಿಡಿದು ಜೋಡಿ ಹುಡುಕಿ, ಎರಡರಲ್ಲಿ ಯಾವುದು ಹೊಸದೋ ಅದನ್ನು ಮುಂದಿಟ್ಟು ಹಳೆಯದನ್ನು ಆ ನಮೂದಿನ ಇತಿಹಾಸಕ್ಕೆ ತಳ್ಳುತ್ತದೆ. ನನ್ನ ತಿದ್ದುಪಡಿಯೂ ಸಹಾಯಕಿಯ ತಿದ್ದುಪಡಿಯೂ ಉಳಿದವು. ಎರಡನ್ನೂ ಕಣ್ಣಾರೆ ನೋಡಿ, ಉಳಿಸಿ, ಆಮೇಲಷ್ಟೇ ಉದ್ದ ಹೆಸರಿನ ಕಡತವನ್ನು ಅಳಿಸಿದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಹೋಗುತ್ತದೆ, ಅದಕ್ಕೇ ಅವಸರ ಕೂಡದು. ಏನೇನು ಬದಲಾಗುತ್ತದೆ ಎಂದು ಮೊದಲೇ ನೋಡಬೇಕೆಂದರೆ ಟರ್ಮಿನಲ್‌ನಲ್ಲಿ ಹೀಗೆ ಕೇಳಬಹುದು. ಇದು ಕಡತವನ್ನು ಮುಟ್ಟುವುದಿಲ್ಲ:

```
keepassxc-cli merge -s --dry-run lekka.kdbx lekka.sync-conflict-20240719-191205-K7QXB2M.kdbx
```

ಮಿತಿಯೊಂದಿದೆ. ಗೆಲ್ಲುವುದು ಇಡೀ ನಮೂದು, ಅದರೊಳಗಿನ ಒಂದೊಂದು ಅಂಕಣವಲ್ಲ. ಒಬ್ಬರದೇ ನಮೂದಿನಲ್ಲಿ ನಾನು ಪಾಸ್‌ವರ್ಡ್ ಬದಲಿಸಿ ಸಹಾಯಕಿ ಫೋನ್ ಸಂಖ್ಯೆ ತಿದ್ದಿದ್ದರೆ, ನನ್ನ ಪಾಸ್‌ವರ್ಡ್ ಇತಿಹಾಸದೊಳಗೆ ಸೇರಿಬಿಡುತ್ತಿತ್ತು.

ಅಂದಿನಿಂದ ನಾನು ಮಾಡಿದ್ದೆಲ್ಲ ಒಂದೇ ಕೆಲಸ: ತಿದ್ದುವ ಹೊತ್ತಿಗೂ ಅದು ಉಳಿದ ಯಂತ್ರಗಳಿಗೆ ತಲುಪುವ ಹೊತ್ತಿಗೂ ನಡುವಿನ ಅಂತರ ಕಡಿಮೆ ಮಾಡುವುದು. ಮೊಬೈಲ್‌ನ ಸಿಂಕ್‌ಥಿಂಗ್‌ಗೆ ಮೊಬೈಲ್ ಡೇಟಾ ಬಳಸಲು ಬಿಟ್ಟೆ. ಕಡತ ನೂರಾರು ಕೆಬಿ ಅಷ್ಟೇ, ಉಳಿಸುತ್ತಿದ್ದ ಡೇಟಾ ಯಾವ ಲೆಕ್ಕಕ್ಕೂ ಸಾಲದು. ಬ್ಯಾಟರಿ ಉಳಿತಾಯದ ಹೆಸರಲ್ಲಿ ಫೋನ್ ಅದನ್ನು ಮಲಗಿಸದಂತೆ ವಿನಾಯಿತಿಯನ್ನೂ ಕೊಟ್ಟೆ. ಆದರೆ ಮೊಬೈಲ್ ಎಚ್ಚರವಿದ್ದರೆ ಸಾಲದು, ಇನ್ನೊಂದು ತುದಿಯಲ್ಲೂ ಯಾರಾದರೂ ಎಚ್ಚರವಿರಬೇಕು. ಅದಕ್ಕೆ ಮನೆಯ ಲ್ಯಾಪ್‌ಟಾಪ್ ಈಗ ಯುಪಿಎಸ್ ಮೇಲೆ ಸದಾ ಚಾಲೂ. ಮೂರೂ ಯಂತ್ರಗಳಿಗೆ ಅದೇ ಬಸ್ ನಿಲ್ದಾಣ.

ಕೀಪಾಸ್‌ಎಕ್ಸ್‌ಸಿಯಲ್ಲಿ ಪ್ರತಿ ಬದಲಾವಣೆಯನ್ನೂ ತಕ್ಷಣ ಉಳಿಸುವ ಆಯ್ಕೆ ಮತ್ತು ಹೊರಗಿನಿಂದ ಬದಲಾದ ಕಡತವನ್ನು ತಾನೇ ಮತ್ತೆ ಓದಿಕೊಳ್ಳುವ ಆಯ್ಕೆ, ಎರಡೂ ಇರಲೇಬೇಕು. ಗುಂಪುಗಳನ್ನು ಬಿಚ್ಚಿ ಮುಚ್ಚಿದಂತಹ ಕ್ಷುಲ್ಲಕ ಬದಲಾವಣೆಯನ್ನು ಬೀಗ ಹಾಕುವಾಗ ಉಳಿಸುವ ಇನ್ನೊಂದು ಆಯ್ಕೆಯಿದೆ, ಅದನ್ನು ತೆಗೆದುಬಿಟ್ಟೆ. ಇಲ್ಲದಿದ್ದರೆ ಸುಮ್ಮನೆ ನೋಡಲು ತೆರೆದವರೂ ಕಡತ ತಿದ್ದಿದವರಾಗುತ್ತಾರೆ. ಉಳಿಸುವ ಮುನ್ನ ಮಾಡಿಡುವ `.old.kdbx` ಪ್ರತಿ ಊರೆಲ್ಲ ಸುತ್ತದಂತೆ ಸಿಂಕ್‌ಥಿಂಗ್‌ನ ನಿರ್ಲಕ್ಷ್ಯ ಪಟ್ಟಿಗೆ `*.old.kdbx` ಸೇರಿಸಿದೆ.

ಆಂಡ್ರಾಯ್ಡ್‌ಗಿದ್ದ ಅಧಿಕೃತ ಸಿಂಕ್‌ಥಿಂಗ್ ಆಪ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಸಿಂಕ್‌ಥಿಂಗ್-ಫೋರ್ಕ್‌ಗೆ ಬದಲಾಗಲು ಅರ್ಧ ದಿನ ಹಿಡಿಯಿತು. ಈ ಗೊಂದಲಕ್ಕೆ ಒಂದು ನಕ್ಷತ್ರ ಕಡಿಮೆ, ಐದಕ್ಕೆ ನಾಲ್ಕು.

ಎರಡನೆಯ ಘರ್ಷಣೆ ಕಳೆದ ಬೇಸಿಗೆಯಲ್ಲಿ ಆಯಿತು. ಮನೆಯಲ್ಲಿ ಇಂಟರ್ನೆಟ್ ಕೈಕೊಟ್ಟಿದ್ದ ದಿನ ಲ್ಯಾಪ್‌ಟಾಪ್‌ನಲ್ಲೇ ಒಂದು ಬ್ಯಾಂಕ್ ಪಾಸ್‌ವರ್ಡ್ ತಿದ್ದಿದ್ದೆ. ಸಂಪರ್ಕ ಬಂದ ಮೇಲೆ ಉದ್ದ ಹೆಸರಿನ ಕಡತ ಕಾಣಿಸಿತು, ಎಂದಿನಂತೆ ಸೇರಿಸಿದೆ. ಆದರೆ ಹಳೆಯ ಪಾಸ್‌ವರ್ಡೇ ಗೆದ್ದಿತು. ಒಳಗಿನ ಗುಂಡಿ ಬ್ಯಾಟರಿ ಸತ್ತು, ನಾನು ತಿದ್ದುವಾಗ ಲ್ಯಾಪ್‌ಟಾಪ್‌ನ ಗಡಿಯಾರ ಎಷ್ಟೋ ವರ್ಷ ಹಿಂದಿತ್ತು. ನನ್ನ ಹೊಸ ತಿದ್ದುಪಡಿ ಅದರ ಲೆಕ್ಕದಲ್ಲಿ ಪುರಾತನ. ನಮೂದಿನ ಇತಿಹಾಸ ತೆರೆದರೆ ಸರಿಯಾದ ಪಾಸ್‌ವರ್ಡ್ ಪಟ್ಟಿಯ ತಳದಲ್ಲಿ ತೆಪ್ಪಗೆ ಕೂತಿತ್ತು. ಅಲ್ಲಿಂದಲೇ ಅದನ್ನು ಮರಳಿ ತಂದೆ. ಮರುದಿನ ಹೊಸ ಗುಂಡಿ ಬ್ಯಾಟರಿ ಹಾಕಿಸಿದೆ.